ಹೊರಡುವ ಮಗಳಿಗೆ ಎಲೆಯ ಮುಂದೆ ನಾಲ್ಕು ಮಾತು

ಜುಲೈ, ಆಗಸ್ಟ್ ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಬೀಳ್ಕೊಡುಗೆಯ ಊಟ. ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟ ಮಗಳು ನಡುವೆ ಕೂತಿರುತ್ತಾಳೆ. ಪಾಯಸ ಬಡಿಸುವ ಹೊತ್ತಿಗೆ ಯಾರೋ, "ದೊಡ್ಡಪ್ಪ, ನೀವೇ ನಾಲ್ಕು ಮಾತು ಹೇಳಿ" ಅನ್ನುತ್ತಾರೆ. ಸಿದ್ಧತೆಯಿಲ್ಲದೆ ಮಾತು ಶುರುಮಾಡಿದವರು ಬ್ಯಾಂಕಿನ ಸಾಲ, ಮುಂದಿನ ಮದುವೆ, ಪರಿಚಯದ ಹುಡುಗನ ಸಂಬಳ ಎಲ್ಲವನ್ನೂ ಎಳೆದು ತರುತ್ತಾರೆ. ಹುಡುಗಿ ತಲೆಯೆತ್ತದೆ ಅನ್ನ ಕಲಸುತ್ತಾಳೆ.

ಈ ಮಾತಿಗೆ ಮೂರು ನಿಮಿಷ ಸಾಕು. ಅದರಲ್ಲಿ ಒಂದು ನೆನಪು, ಮರೆತರೆ ಪೇಚಿಗೆ ಸಿಕ್ಕಿಸುವ ಎರಡು ಪ್ರಯಾಣದ ಮಾತು, ಕೊನೆಗೆ ಒಂದು ಭರವಸೆ ಇರಲಿ. ಉಳಿದ ಬುದ್ಧಿಮಾತನ್ನೆಲ್ಲ ಹಾಳೆಯಲ್ಲಿ ಬರೆದು ಕೈಗೆ ಕೊಡಬಹುದು.

ಶಿವಮೊಗ್ಗದ ಹುಡುಗಿಯೊಬ್ಬಳು ಬೆಂಗಳೂರಿನಿಂದ ದೋಹಾ, ಅಲ್ಲಿಂದ ಶಿಕಾಗೋ, ಮತ್ತೆ ಒಳನಾಡಿನ ಇನ್ನೊಂದು ವಿಮಾನ ಹತ್ತಿ ಕಾಲೇಜಿನ ಊರು ಸೇರಬೇಕು ಎಂದುಕೊಳ್ಳಿ. ದೊಡ್ಡಪ್ಪ ಹೀಗೆ ಶುರುಮಾಡಬಹುದು:

"ಪುಟ್ಟಿ, ನಿನ್ನ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅಜ್ಜಿ ಕಾಲು ಮುರಿದುಕೊಂಡಿದ್ದರು. ಅವರ ಮಾತ್ರೆಗಳನ್ನು ಬೆಳಗ್ಗೆಯದು, ರಾತ್ರಿಯದು ಅಂತ ಬೇರೆಬೇರೆ ಡಬ್ಬಿಗೆ ಹಾಕಿ, ಒಂದು ಹೊತ್ತೂ ತಪ್ಪದೆ ಕೊಟ್ಟವಳು ನೀನು. ಇವಳು ಎಲ್ಲಿದ್ದರೂ ನಿಭಾಯಿಸುತ್ತಾಳೆ ಅಂತ ನನಗೆ ಅವತ್ತೇ ಗೊತ್ತಾಯಿತು."

ಅಂಕ, ರ್‍ಯಾಂಕುಗಳನ್ನು ಹೊಗಳುವುದಕ್ಕಿಂತ ಹೀಗೆ ಕಣ್ಣಾರೆ ಕಂಡ ಒಂದು ಕೆಲಸವನ್ನು ಹೇಳುವುದು ಮೇಲು. ಪರದೇಶದಲ್ಲಿ ಒಂಟಿ ಅನ್ನಿಸಿದಾಗ ಅವಳ ನೆನಪಿಗೆ ಬರುವುದು ಅದೇ.

ಆಮೇಲೆ ಪ್ರಯಾಣದ ಮಾತು. "ಪಾಸ್‌ಪೋರ್ಟ್, ಐ-20, ಕಾಲೇಜಿನ ಪತ್ರ, ನಿನ್ನ ಔಷಧಿ, ಒಂದು ಜೊತೆ ಬಟ್ಟೆ ಹೆಗಲ ಚೀಲದಲ್ಲೇ ಇರಲಿ." ಐ-20 ಅಂದರೆ ಇವಳು ತಮ್ಮಲ್ಲಿ ಓದಲು ಬರುತ್ತಿದ್ದಾಳೆ ಎಂದು ಕಾಲೇಜು ಕೊಡುವ ದಾಖಲೆ. ಶಿಕಾಗೋದಲ್ಲಿ ಇಳಿದ ಕೂಡಲೇ ವಲಸೆ ಅಧಿಕಾರಿ ಅದನ್ನು ಕೇಳಬಹುದು. ದೊಡ್ಡ ಸೂಟ್‌ಕೇಸುಗಳು ಕೈಗೆ ಸಿಗುವುದು ಆ ಕೌಂಟರ್ ದಾಟಿದ ಮೇಲೆ. ಕಾಗದ ಅದರೊಳಗೆ ಉಳಿದರೆ ಕೌಂಟರ್ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಸೂಟ್‌ಕೇಸ್ ದೋಹಾದಲ್ಲೇ ಉಳಿದುಬಿಟ್ಟರೂ ಹೆಗಲ ಚೀಲದ ಔಷಧಿ ಮತ್ತು ಬಟ್ಟೆಯಿಂದ ಒಂದೆರಡು ದಿನ ಸಾಗುತ್ತದೆ. ಔಷಧಿಯ ಜೊತೆ ಡಾಕ್ಟರ ಚೀಟಿ ಇರಬೇಕು. ಪವರ್ ಬ್ಯಾಂಕ್ ಕೂಡ ಹೆಗಲ ಚೀಲಕ್ಕೇ ಸೇರಬೇಕು. ಅದರ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ.

ಎರಡನೆಯದು ತಿಂಡಿಯ ವಿಷಯ. "ತಿನ್ನೋ ಪದಾರ್ಥ ಇದೆಯಾ ಅಂತ ಕೇಳಿದರೆ ಹೌದು ಅನ್ನು. ಚಟ್ನಿಪುಡಿ ಇದೆ, ಸಾರಿನಪುಡಿ ಇದೆ ಅಂತ ಬಿಡಿಸಿ ಹೇಳು." ತಿಂಡಿ ಇಟ್ಟುಕೊಂಡು ಇಲ್ಲವೆಂದರೆ ದಂಡ ಬೀಳಬಹುದು. ಇದೆ ಎಂದು ಹೇಳಿದ್ದು ಅವರ ನಿಯಮಕ್ಕೆ ಹೊಂದದಿದ್ದರೆ ಆ ಪದಾರ್ಥವನ್ನಷ್ಟೇ ತೆಗೆದಿಟ್ಟುಕೊಂಡು ಕಳಿಸುತ್ತಾರೆ. ತಾಜಾ ಹಣ್ಣು, ಮಾಂಸದ ಪದಾರ್ಥ ಬೇಡ. ಅಜ್ಜಿ ಪ್ರೀತಿಯಿಂದ ತುರುಕುವ ಕೊಬ್ಬರಿ ಗಿಟುಕಂತೂ ಬೆಂಗಳೂರಿನಲ್ಲೇ ಹೊರಗೆ ಬರುತ್ತದೆ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ಬೇಗ ಬೆಂಕಿ ಹಿಡಿಯುತ್ತದೆಂದು ನಮ್ಮ ವಿಮಾನ ಭದ್ರತಾ ನಿಯಮವೇ ಅದನ್ನು ತಡೆಯುತ್ತದೆ. ಇದನ್ನು ಊಟದ ಹೊತ್ತಿಗೇ ಹೇಳಿಬಿಟ್ಟರೆ ಕೇಳಬೇಕಾದ ಅಜ್ಜಿಯೂ ಅಲ್ಲೇ ಕೂತಿರುತ್ತಾರೆ.

ಇನ್ನು ಹಾಳೆಯಲ್ಲಿ ಬರೆಯಬೇಕಾದ್ದು. ಶಿಕಾಗೋದಲ್ಲಿ ಸೂಟ್‌ಕೇಸುಗಳನ್ನು ತಾನೇ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕಾಗುತ್ತದೆ; ಆದ್ದರಿಂದ ಎರಡು ವಿಮಾನಗಳ ನಡುವೆ ಮೂರು ಗಂಟೆಯಾದರೂ ಇರುವಂತೆ ಟಿಕೆಟ್ ಮಾಡಿಸಬೇಕು. ಐ-20ರಲ್ಲಿ ನಮೂದಾದ ಕೋರ್ಸಿನ ಆರಂಭದ ದಿನಕ್ಕಿಂತ 30 ದಿನಗಳಿಗೂ ಮೊದಲು ದೇಶದೊಳಗೆ ಬಿಡುವುದಿಲ್ಲ. ಫೋನ್ ಮಾಡುವ ಹೊತ್ತನ್ನೂ ಬರೆದಿಡಿ. ಆಗಸ್ಟ್‌ನಲ್ಲಿ ನಮಗೆ ಬೆಳಗ್ಗೆ 7 ಗಂಟೆಯಾದಾಗ ಶಿಕಾಗೋದಲ್ಲಿ ಹಿಂದಿನ ರಾತ್ರಿ 8.30. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಅದು 7.30 ಆಗುತ್ತದೆ.

ಮಾತಿನ ಕೊನೆಗೆ ಭರವಸೆ. "ಏನೇ ತೊಂದರೆಯಾದರೂ ಮೊದಲು ನಮಗೆ ಹೇಳು. ದುಡ್ಡು ಹೋದರೆ ಹೋಗಲಿ, ಒಂದು ಪೇಪರ್ ಫೇಲಾದರೆ ಆಗಲಿ. ಯಾರೂ ಬೈಯುವುದಿಲ್ಲ."

ಇದು ಬರೀ ಸಮಾಧಾನದ ಮಾತಲ್ಲ. ವಲಸೆ ಅಧಿಕಾರಿಯ ಸೋಗಿನಲ್ಲಿ ಫೋನ್ ಮಾಡಿ, "ನಿನ್ನ ವೀಸಾ ರದ್ದಾಗುತ್ತದೆ, ಈಗಲೇ ಹಣ ಕಟ್ಟು, ಯಾರಿಗೂ ಹೇಳಬೇಡ" ಎಂದು ಹೆದರಿಸುವ ವಂಚಕರು ವಿದೇಶಿ ವಿದ್ಯಾರ್ಥಿಗಳ ಬೆನ್ನು ಬೀಳುತ್ತಾರೆ. ಫೋನಿನಲ್ಲಿ ಗಿಫ್ಟ್ ಕಾರ್ಡ್ ಮೂಲಕ ಹಣ ಕೇಳುವ ಸರ್ಕಾರಿ ಕಚೇರಿ ಅಲ್ಲಿಲ್ಲ. ಅಂಥ ಕರೆ ಬಂದರೆ ಫೋನಿಟ್ಟು, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಬೇಕು. ವಂಚಕರ ಬಲವೆಲ್ಲ ಇರುವುದು ಆ "ಯಾರಿಗೂ ಹೇಳಬೇಡ" ಎಂಬ ಮಾತಿನಲ್ಲಿ. ಮನೆಯವರು ಬೈಯುತ್ತಾರೆಂಬ ಅಂಜಿಕೆಯಿರುವ ಮಗು ಆ ಮಾತಿಗೆ ಬೇಗ ಬಗ್ಗುತ್ತದೆ.

ಅದಕ್ಕೇ ಈ ಭರವಸೆಯನ್ನು ಎಲ್ಲರ ಎದುರೇ ಕೊಡಬೇಕು. ಅಪ್ಪ, ಅಮ್ಮ, ಮಾವ, ಅತ್ತೆ ಎಲ್ಲರೂ ಕೇಳಿಸಿಕೊಂಡ ಮೇಲೆ, ಮುಂದೆ ಅಪರಾತ್ರಿಯಲ್ಲಿ ಅಳುತ್ತಾ ಅವಳ ಫೋನ್ ಬಂದರೆ "ಹೀಗೇಕೆ ಮಾಡಿದೆ" ಎಂದು ಗದರುವ ಹಕ್ಕು ಆ ಮನೆಯಲ್ಲಿ ಯಾರಿಗೂ ಇರುವುದಿಲ್ಲ.