ನುಡಿಯಿಂದ ಯೂನಿಕೋಡಿಗೆ: ಅಕ್ಷರ ಬದಲಾಗಲಿ, ಕಟ್ಟಡ ಉಳಿಯಲಿ

ಹಾವೇರಿ ಕಡೆಯ ನನ್ನ ಗುರುಗಳು ಇಪ್ಪತ್ತು ವರ್ಷದ ಹಿಂದೆ ಒಕ್ಕಲುತನದ ಪದಗಳ ಪುಸ್ತಕವೊಂದನ್ನು ಬರೆದಿದ್ದರು. ರಂಟೆ, ಕುಂಟೆ, ಕೂರಿಗೆಯಿಂದ ಹಿಡಿದು ಕಣದಲ್ಲಿ ರಾಶಿ ಮಾಡುವವರೆಗಿನ ಮಾತುಗಳೆಲ್ಲ ಅದರಲ್ಲಿದ್ದವು. ಮರುಮುದ್ರಣಕ್ಕೆಂದು ಅವರು ಕೊಟ್ಟ ವರ್ಡ್ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದಾಗ ಮೊದಲ ಅಧ್ಯಾಯದ ತಲೆಬರಹ ಹೀಗೆ ಕಂಡಿತು: `¸ÀÆAiÀÄðPÁAw`. ಅದು ‘ಸೂರ್ಯಕಾಂತಿ’. ನನ್ನ ಬಳಿ ನುಡಿ ಫಾಂಟ್ ಇರಲಿಲ್ಲ, ಅಷ್ಟೆ.

ಫೈಲಿನಲ್ಲಿ ಕನ್ನಡ ಮೊದಲಿನಿಂದಲೂ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ತುಣುಕು ಚಿತ್ರಗಳನ್ನು ಕೂರಿಸಿ ಹಳೆಯ ಫಾಂಟುಗಳನ್ನು ಮಾಡಿದ್ದರು. `P` ಎಂದರೆ ತಲೆಕಟ್ಟಿಲ್ಲದ ಕ, `À` ಎಂದರೆ ತಲೆಕಟ್ಟು, ಎರಡೂ ಸೇರಿದರೆ ‘ಕ’. ಕನ್ನಡ ಗಣಕ ಪರಿಷತ್ತಿನ ನುಡಿಗೂ ‘ಬರಹ’ ತಂತ್ರಾಂಶದ ಫಾಂಟುಗಳಿಗೂ ಈ ಜೋಡಣೆ ಹೆಚ್ಚುಕಡಿಮೆ ಒಂದೇ. ಶ್ರೀಲಿಪಿಯದು ಬೇರೆ, ಅದಕ್ಕೆ ಬೇರೆಯದೇ ಪಟ್ಟಿ ಬೇಕು. ಯೂನಿಕೋಡಿನಲ್ಲಾದರೆ 1991ರ ಮೊದಲ ಆವೃತ್ತಿಯಿಂದಲೂ ಕನ್ನಡದ ಪ್ರತಿ ಅಕ್ಷರಕ್ಕೆ ತನ್ನದೇ ಸಂಕೇತವಿದೆ.

ಮೊದಲ ಸಲ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಇಡೀ ಪುಸ್ತಕವನ್ನು ಕಾಪಿ ಮಾಡಿ, ಪರಿವರ್ತಕದ ಖಾಲಿ ಚೌಕಕ್ಕೆ ಸುರಿದು, ಹೊರಬಂದ ಕನ್ನಡವನ್ನು ಹೊಸ ಫೈಲಿಗೆ ಹಾಕಿದೆ. ಅಕ್ಷರಗಳೇನೋ ಬಂದವು, ಪುಸ್ತಕ ಬರಲಿಲ್ಲ. ತಲೆಬರಹ ಯಾವುದು, ಪ್ಯಾರಾ ಯಾವುದು ಎಂದು ಗೊತ್ತಾಗದಂತೆ ಎಲ್ಲ ಒಂದೇ ಗಾತ್ರ. ಕೋಷ್ಟಕಗಳ ಗೆರೆ ಹೋಗಿ ಪದಗಳು ಸಾಲಾಗಿ ನಿಂತಿದ್ದವು. ಪಟ್ಟಿಗಳ ಸಂಖ್ಯೆಗಳು ಬರಿಯ ಅಂಕಿಗಳಾಗಿದ್ದವು. ನಡುವೆ ಒಂದು ಅಂಶ ಸೇರಿಸಿದರೆ ಮುಂದಿನವು ತಾವಾಗಿ ಬದಲಾಗುವ ಗುಣ ಅವಕ್ಕಿರಲಿಲ್ಲ. ಬೆಳೆಗಳ ಸಸ್ಯಶಾಸ್ತ್ರದ ಹೆಸರುಗಳ ಪಾಡಂತೂ ಹೇಳತೀರದು. ಜೋಳದ `Sorghum bicolor` ಒಳಗಿನ `r` ಎಲ್ಲ ‘ಡಿ’ ಆಗಿ, `l` ‘ಟ’ ಆಗಿ ಕೂತಿತ್ತು. ನುಡಿಯ ಲೆಕ್ಕದಲ್ಲಿ ಅದು ಸರಿಯೇ. ಯಾವುದು ನುಡಿ ಫಾಂಟಿನಲ್ಲಿತ್ತು, ಯಾವುದು ಇಂಗ್ಲಿಷ್ ಫಾಂಟಿನಲ್ಲಿತ್ತು ಎಂಬ ಗುರುತು ಕಾಪಿ ಮಾಡುವಾಗಲೇ ಅಳಿಸಿಹೋಗಿತ್ತು.

ಪಠ್ಯವನ್ನು ಫೈಲಿನಿಂದ ಹೊರಗೆ ತೆಗೆಯಲೇಬಾರದು, ಇದ್ದಲ್ಲೇ ಬದಲಾಯಿಸಬೇಕು ಎಂದು ಗೊತ್ತಾದದ್ದು ಆಮೇಲೆ. ಪ್ರೋಗ್ರಾಂ ಬರೆಯುವ ಕೆಲಸದಲ್ಲಿರುವ ನನ್ನ ಅಕ್ಕನ ಮಗಳು ಅದನ್ನು ತೋರಿಸಿಕೊಟ್ಟಳು. ಫೈಲನ್ನು `.docx` ಆಗಿ ಉಳಿಸಿ, ಅದರ ನಕಲಿನ ಹೆಸರಿನ ಕೊನೆಯನ್ನು `.zip` ಎಂದು ಬದಲಾಯಿಸಿ ತೆರೆದರೆ ಒಳಗೆ ಹಲವು ಕಡತಗಳು ಸಿಗುತ್ತವೆ. `document.xml` ಎಂಬುದರಲ್ಲಿ ನಮ್ಮ ತಲೆಬರಹ ಹೀಗಿತ್ತು (ಫಾಂಟಿನ ವಿವರ ಬಿಟ್ಟು ತೋರಿಸುತ್ತಿದ್ದೇನೆ):

```xml
<w:p>
  <w:pPr><w:pStyle w:val="Heading1"/></w:pPr>
  <w:r><w:t>¸ÀÆAiÀÄ</w:t></w:r>
  <w:r><w:t>ðPÁAw</w:t></w:r>
</w:p>
```

ಇಲ್ಲಿ `w:p` ಒಂದು ಪ್ಯಾರಾ. ಅದು ತಲೆಬರಹ ಎಂಬ ಮಾತು `w:pStyle` ಒಳಗಿದೆ. ಪಟ್ಟಿಯ ಅಂಶವಾಗಿದ್ದರೆ `w:numPr` ಎಂಬ ಇನ್ನೊಂದು ಗುರುತು ಇರುತ್ತಿತ್ತು. ಆಗ ಪಟ್ಟಿಯ ‘1’, ‘2’ಗಳು ಪಠ್ಯದಲ್ಲಿ ಇರುವುದೇ ಇಲ್ಲ, ವರ್ಡ್ ಅವನ್ನು ತೆರೆದಾಗಲೆಲ್ಲ ಎಣಿಸಿ ಬರೆಯುತ್ತದೆ. ನಮಗೆ ಬೇಕಾದ ಅಕ್ಷರಗಳು `w:t` ಒಳಗೆ ಮಾತ್ರ. ಅವನ್ನಷ್ಟೇ ಬದಲಿಸಿ ಉಳಿದದ್ದನ್ನು ಮುಟ್ಟದಿದ್ದರೆ ಪ್ಯಾರಾ ಮುರಿಯುವ ಪ್ರಶ್ನೆಯೇ ಬರುವುದಿಲ್ಲ. ಪ್ರತಿ `w:r` ತುಣುಕಿಗೂ ತನ್ನ ಫಾಂಟ್ ಗೊತ್ತಿರುವುದರಿಂದ, ಹೆಸರು `Nudi` ಎಂದು ಶುರುವಾದರೆ ಬದಲಿಸು, ಇಲ್ಲವಾದರೆ ಬಿಡು ಎಂದು ಪ್ರೋಗ್ರಾಮಿಗೆ ಹೇಳಬಹುದು. ತುಣುಕಿನಲ್ಲಿ ಫಾಂಟಿನ ಹೆಸರಿಲ್ಲದಿದ್ದರೆ ಆ ಪ್ಯಾರಾದ ಶೈಲಿಯಲ್ಲಿ ಹುಡುಕಬೇಕು. `Sorghum` ಉಳಿದದ್ದು ಹೀಗೆ.

ಆದರೆ ಮೇಲಿನ ತುಂಡನ್ನು ಇನ್ನೊಮ್ಮೆ ನೋಡಿ. ಒಂದೇ ಪದ ಎರಡು ತುಣುಕಾಗಿದೆ. ಕಾಗುಣಿತ ಪರೀಕ್ಷೆ, ತಿದ್ದುಪಡಿಯ ಗುರುತು ಇಂಥವುಗಳಿಗಾಗಿ ವರ್ಡ್ ಪದಗಳನ್ನು ಹೀಗೆ ಕತ್ತರಿಸಿ ಇಡುತ್ತದೆ, ಪರದೆಯ ಮೇಲೆ ಏನೂ ಕಾಣುವುದಿಲ್ಲ. ಇದರಿಂದ ಕನ್ನಡಕ್ಕೆ ಆಗುವ ಪೆಟ್ಟು ದೊಡ್ಡದು. ನುಡಿಯಲ್ಲಿ ಅರ್ಕಾವತ್ತು, ಅಂದರೆ `ð`, ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ: ಸೂ, ಯ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಉಚ್ಚರಿಸುವ ಕ್ರಮ: ಸೂ, ರ್, ಯ. ಹಾಗಾಗಿ ಪರಿವರ್ತಕ `ð` ಕಂಡಾಗ ಹಿಂದಕ್ಕೆ ಹೋಗಿ ‘ಯ’ದ ಮುಂದೆ ‘ರ್’ ಕೂರಿಸಬೇಕು. ತುಣುಕು `ð`ದಿಂದಲೇ ಶುರುವಾದರೆ ಹಿಂದಕ್ಕೆ ಹೋಗಲು ಏನೂ ಇರುವುದಿಲ್ಲ. ನಮ್ಮ ಮೊದಲ ಪ್ರಯತ್ನದಲ್ಲಿ ‘ಸೂಯðಕಾಂತಿ’ ಬಂದದ್ದು ಇದಕ್ಕೇ. ಅಕ್ಕಪಕ್ಕದ ತುಣುಕುಗಳ ಫಾಂಟ್, ಗಾತ್ರ, ದಪ್ಪ ಒಂದೇ ಆಗಿದ್ದರೆ ಮೊದಲು ಅವನ್ನು ಬೆಸೆದು, ಆಮೇಲೆ ಬದಲಿಸಬೇಕು. ‘ಯ’ವನ್ನೇ ನೋಡಿ, `AiÀÄ` ಎಂಬ ನಾಲ್ಕು ಸಂಕೇತ ಸೇರಿ ‘ಯ’. ಬಿಡಿಯಾಗಿ `A` ಎಂದರೆ ಸೊನ್ನೆ. ಪಟ್ಟಿಯಲ್ಲಿ ಉದ್ದನೆಯದನ್ನು ಮೊದಲು ಹುಡುಕದಿದ್ದರೆ ಪ್ರತಿ ‘ಯ’ವೂ ಸೊನ್ನೆಯಿಂದ ಶುರುವಾಗುತ್ತದೆ.

ಯೂನಿಕೋಡಿಗೆ ಬಂದಮೇಲೆ ಹುಟ್ಟುವ ತಪ್ಪೂ ಒಂದಿದೆ. ಪುಸ್ತಕದಲ್ಲಿ ‘ಪವರ್‌ಟಿಲ್ಲರ್’ ಎಂಬ ಪದವಿತ್ತು. ನುಡಿಯಲ್ಲಿ ಅದು `¥ÀªÀgïn®ègï`, ಅದರೊಳಗಿನ `gï` ಬಿಡಿಯಾಗಿ ನಿಲ್ಲುವ ‘ರ್’. ಸಂಕೇತಕ್ಕೆ ಸಂಕೇತ ಬದಲಿಸಿದರೆ ‘ಪವರ್ಟಿಲ್ಲರ್’ ಆಗಿ ಅರ್ಕಾವತ್ತು ಹುಟ್ಟಿಕೊಳ್ಳುತ್ತದೆ, ಏಕೆಂದರೆ ಯೂನಿಕೋಡಿನಲ್ಲಿ ರ್ ಮತ್ತು ಟ ಒಟ್ಟಿಗೆ ಬಂದರೆ ಕೂಡಿಕೊಳ್ಳುವುದೇ ನಿಯಮ. ಎರಡರ ನಡುವೆ `U+200C` ಎಂಬ ಕಣ್ಣಿಗೆ ಕಾಣದ ತಡೆಯನ್ನು ಇಡಬೇಕು. ಹಳೆಯ ಪಠ್ಯದಲ್ಲಿ `ï` ಆದಮೇಲೆ ಅದೇ ಪದದೊಳಗೆ ವ್ಯಂಜನ ಬಂದಲ್ಲೆಲ್ಲ ಇದನ್ನು ಸೇರಿಸಿದೆವು.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿತ್ತು, ಅದು ಬೇಸರದ್ದು. ಗುರುಗಳ ಫೈಲಿನಲ್ಲಿ ನಿಜವಾದ ತಲೆಬರಹಗಳೇ ಇರಲಿಲ್ಲ. ದಪ್ಪ ಅಕ್ಷರ, 18ರ ಗಾತ್ರ, ಮೇಲೆ ಕೆಳಗೆ ಎರಡೆರಡು ಎಂಟರ್. ಓದುಗನಿಗೆ ತಲೆಬರಹ, ಕಂಪ್ಯೂಟರಿಗೆ ಇನ್ನೊಂದು ಪ್ಯಾರಾ. ದಪ್ಪವಾಗಿ 18ರಲ್ಲಿರುವುದನ್ನು ವರ್ಡಿನ ಹುಡುಕು-ಬದಲಿಸು ಸೌಲಭ್ಯದಲ್ಲಿ ಹುಡುಕಿ `Heading 1` ಶೈಲಿಗೂ, 14ರಲ್ಲಿರುವುದನ್ನು `Heading 2`ಕ್ಕೂ ಕೊಟ್ಟೆವು. ಮೇಲೆ ತೋರಿಸಿದ ತುಂಡಿಗೆ `Heading1` ಬಂದದ್ದು ಹೀಗೆ. ಈ ಕೆಲಸ ಪರಿವರ್ತನೆಗೆ ಮೊದಲೇ ಆಗಬೇಕು. ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿ ಎಂದು ಎಣಿಸಿ, ಅದರ ಗಾತ್ರ ಮತ್ತು ದಪ್ಪವನ್ನು ಬೇರೆ ಜಾಗದಿಂದ ಓದುತ್ತದೆ. ಇಂಗ್ಲಿಷಿಗೆ `w:sz`, `w:b`. ಕನ್ನಡಕ್ಕೆ `w:szCs`, `w:bCs`. ನುಡಿಯ ಪಠ್ಯ ವರ್ಡಿನ ಪಾಲಿಗೆ ಇಂಗ್ಲಿಷ್ ಆಗಿದ್ದುದರಿಂದ 18ರ ಗಾತ್ರ ಮೊದಲಿನದರಲ್ಲಿ ಮಾತ್ರ ದಾಖಲಾಗಿತ್ತು. ಅಕ್ಷರ ಯೂನಿಕೋಡಾದ ಕ್ಷಣ ಪ್ರತಿ ತಲೆಬರಹವೂ ಸಣ್ಣದಾಗಿ, ತೆಳ್ಳಗಾಗಿ, ಪ್ಯಾರಾಗಳೊಳಗೆ ಕರಗಿಹೋಗುತ್ತದೆ. ಶೈಲಿ ಮೊದಲೇ ಕೊಟ್ಟಿದ್ದರೆ ಆ ಒಂದು ಶೈಲಿಯಲ್ಲಿ ಸಂಕೀರ್ಣ ಲಿಪಿಯ ಫಾಂಟು, ಗಾತ್ರ, ದಪ್ಪ ತುಂಬಿದರೆ ಸಾಕು, ಎಲ್ಲ ತಲೆಬರಹಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ.

ಸಲಕರಣೆಗಳ ಪಟ್ಟಿಯನ್ನು ಗುರುಗಳು ಕೈಯಾರೆ ಟೈಪ್ ಮಾಡಿದ್ದರು: `C)`, `D)`, `E)`, ಅಂದರೆ ಅ) ರಂಟೆ, ಆ) ಕುಂಟೆ, ಇ) ಕೂರಿಗೆ. ನುಡಿಯಲ್ಲಿದ್ದುದರಿಂದ ಇವು ಸರಿಯಾಗಿ ಬದಲಾದವು, ಹಾಗೇ ಬಿಟ್ಟೆವು. ಕಷ್ಟ ಕೊಟ್ಟದ್ದು ಹಳೆಯ ಪುಟವಿನ್ಯಾಸದ ಫೈಲಿನಿಂದ ತಂದು ಅಂಟಿಸಿದ್ದ ಒಂದು ಅಧ್ಯಾಯ. ಅದರಲ್ಲಿ ಪ್ರತಿ ಸಾಲಿನ ಕೊನೆಗೂ ಎಂಟರ್ ಇತ್ತು, ನಿಜವಾದ ಪ್ಯಾರಾ ಮುಗಿದಲ್ಲಿ ಎರಡು ಎಂಟರ್. ವರ್ಡಿನಲ್ಲಿ `Ctrl+Shift+8` ಒತ್ತಿ ¶ ಗುರುತುಗಳನ್ನು ನೋಡಿದಾಗಲೇ ಇದು ಕಂಡದ್ದು. ಆ ಅಧ್ಯಾಯದ ಪ್ಯಾರಾಗಳನ್ನು ಮಾತ್ರ ಆಯ್ದುಕೊಂಡು `^p^p` ಇರುವಲ್ಲಿ `@@@` ಹಾಕಿ, ಉಳಿದ `^p`ಗಳನ್ನೆಲ್ಲ ಒಂದು ಖಾಲಿ ಜಾಗವಾಗಿಸಿ, ಕೊನೆಗೆ `@@@` ಇದ್ದಲ್ಲಿ ಮತ್ತೆ `^p` ತಂದೆವು. ಇದನ್ನು ಇಡೀ ಪುಸ್ತಕದ ಮೇಲೆ ಓಡಿಸಿದ್ದರೆ ಪಟ್ಟಿಗಳೆಲ್ಲ ಒಂದೇ ಸಾಲಾಗುತ್ತಿದ್ದವು. ಹಾಡುಗಳಿರುವ ಭಾಗದಲ್ಲಿ ಸಾಲು ಒಡೆದಿರುವುದೇ ಸರಿ, ಅದನ್ನೂ ಮುಟ್ಟಲಿಲ್ಲ.

ಕೆಲಸ ಮುಗಿದಾಗ ಪರೀಕ್ಷೆಗೆ ಎರಡು ದಾರಿ ಇಟ್ಟುಕೊಂಡಿದ್ದೆವು. ಪರಿವರ್ತನೆಯ ಮೊದಲು ಮತ್ತು ಆಮೇಲೆ `w:p` ಎಷ್ಟಿವೆ ಎಂದು ಎಣಿಸುವುದು ಒಂದು, ಸಂಖ್ಯೆ ಒಂದೇ ಇರಬೇಕು. ಇನ್ನೊಂದು `À`ಕ್ಕಾಗಿ ಹುಡುಕುವುದು. ತಲೆಕಟ್ಟಿಲ್ಲದ ಕನ್ನಡ ವಾಕ್ಯ ಸಿಗುವುದು ಕಷ್ಟ, ಎಲ್ಲಾದರೂ ಹಳೆಯ ಪಠ್ಯ ಉಳಿದಿದ್ದರೆ ಅದು ಸಿಕ್ಕಿಬೀಳುತ್ತದೆ. ಎಣಿಕೆ ಹೊಂದಿತು, `À` ಒಂದೂ ಸಿಗಲಿಲ್ಲ. ಸಂತೋಷದಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ಗುರುಗಳ ಮನೆಗೆ ಹೋದೆ.

ಅವರು ಎಡಬದಿಯಲ್ಲಿ ತಲೆಬರಹಗಳ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ‘ಸೂರ್ಯಕಾಂತಿ’ ಎಂದು ಟೈಪ್ ಮಾಡಿ ಹುಡುಕಿದರು. ಮೂರು ಕಡೆ ಸಿಕ್ಕಿತು.

“ನಾಲ್ಕ ಕಡೆ ಇರಬೇಕಲ್ಲೋ ತಮ್ಮಾ,” ಎಂದರು. “ಎಣ್ಣಿಕಾಳಿನ ಅಧ್ಯಾಯದಾಗ ಅಡಿಟಿಪ್ಪಣಿ ಬರದಿದ್ದೆ ನಾ.”

“ಇಲ್ಲ ಸರ್, ಎಲ್ಲಾ ನೋಡಿದ್ದೇವೆ,” ಎಂದು ಹೇಳಿ ಆ ಪುಟಕ್ಕೆ ಹೋದೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ `¸ÀÆAiÀÄðPÁAw` ಹಾಗೇ ಕೂತಿತ್ತು. ಅಡಿಟಿಪ್ಪಣಿಗಳು `footnotes.xml` ಎಂಬ ಬೇರೆ ಕಡತದಲ್ಲಿರುತ್ತವೆ. ನಾವು ಬದಲಿಸಿದ್ದು `document.xml` ಒಂದನ್ನೇ. ಪ್ಯಾರಾ ಎಣಿಸಿದ್ದೂ `À` ಹುಡುಕಿದ್ದೂ ಅದೇ ಒಂದರಲ್ಲಿ. ಅಲ್ಲಿಂದಲೇ ಅಕ್ಕನ ಮಗಳಿಗೆ ಫೋನ್ ಮಾಡಿ, ಪುಟದ ಮೇಲ್ಸಾಲು ಇರುವ `header1.xml` ಸಹ ಸೇರಿಸಿಕೊಳ್ಳಲು ಹೇಳಿದೆ.