ತಾನಾಗಿಯೇ ತೆರೆದುಕೊಳ್ಳುವ ಬಾಗಿಲು

ಅರ್ಧ ತೆರೆದು ಬಿಟ್ಟ ಬಾಗಿಲು ತಾನೇ ಸರಿದು ಗೋಡೆಗೆ ಬಡಿದರೆ ಹಿಂಜಿಗೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಹೆಚ್ಚಾಗಿ ಹಿಂಜ್ ಕಡೆಯ ಚೌಕಟ್ಟಿನ ಕಾಲೇ ವಾಲಿರುತ್ತದೆ. ಚೌಕಟ್ಟು ನಿಲ್ಲಿಸುವಾಗ ತೂಕುಗುಂಡನ್ನು ಆ ಕಾಲಿನ ಮುಂಭಾಗಕ್ಕೂ ಒಳಬದಿಗೂ ಹಿಡಿದು ನೋಡಬೇಕು. ಮೇಲೂ ಕೆಳಗೂ ದಾರ ಮರದಿಂದ ಒಂದೇ ದೂರದಲ್ಲಿರಬೇಕು. ಬದಿಗೆ ಮೂರರಂತೆ ಹೋಲ್ಡ್‌ಫಾಸ್ಟ್ ಬಿಗಿದು, ಗೋಡೆಯ ಗೂಡಿಗೆ ಕಾಂಕ್ರೀಟ್ ತುಂಬಿದ ಮೇಲೆ ಇನ್ನೊಮ್ಮೆ ಗುಂಡು ಹಿಡಿಯಿರಿ. ತುಂಬುವ ಒತ್ತಡಕ್ಕೇ ಕಾಲು ಒಳಕ್ಕೆ ಬಾಗುವುದುಂಟು, ಹಾಗಾಗಿ ಕಾಂಕ್ರೀಟ್ ಗಟ್ಟಿಯಾಗುವ ತನಕ ಅಡ್ಡಪಟ್ಟಿ ತೆಗೆಯಲೇಬಾರದು.

ಏಳಡಿ ಬಾಗಿಲಿಗೆ ಮೂರು ಹಿಂಜ್ ಬೇಕು. ಮೇಲಿನದು ತುದಿಯಿಂದ ಸುಮಾರು 8 ಇಂಚು ಕೆಳಗಿರಲಿ, ಭಾರ ಎಳೆಯುವುದು ಅದನ್ನೇ. ಸುತ್ತ 3 ಮಿ.ಮೀ. ಸಂದು ಬಿಡಿ. ಬೀಗದ ಕಡೆ ಮೇಲ್ಮೂಲೆಯ ಸಂದು ಕಿರಿದಾಗಿ ಬಾಗಿಲು ಉಜ್ಜತೊಡಗಿದರೆ, ಮರ ಹೆರೆಯುವ ಮೊದಲು ಮೇಲಿನ ಹಿಂಜಿನ ಸ್ಕ್ರೂ ನೋಡಿ.