ತಿದ್ದಿದ ಮೇಲೂ ಅವರದೇ ದನಿ

ಫೇಸ್‌ಬುಕ್ಕಿನಲ್ಲಿ ವರ್ಷಗಟ್ಟಲೆ ಬರೆದು ಓದುಗರನ್ನು ಸಂಪಾದಿಸಿಕೊಂಡವರ ಬರಹಗಳು ಈಗ ಪುಸ್ತಕಗಳಾಗುತ್ತಿವೆ, ಪತ್ರಿಕೆಗಳ ಅಂಕಣಗಳಾಗುತ್ತಿವೆ. ಆ ಹಾದಿಯಲ್ಲಿ ಅವು ತಿದ್ದುವವರ ಕೈಗೆ ಬರುತ್ತವೆ. ಕಾಗುಣಿತ ಸರಿಹೋಗುತ್ತದೆ, ವಾಕ್ಯಗಳು ನೆಟ್ಟಗಾಗುತ್ತವೆ. ಆದರೆ ಅಚ್ಚಾಗಿ ಬಂದ ಮೇಲೆ ಹಳೆಯ ಓದುಗರು ಪುಟ ತಿರುವಿ, "ಇದು ಅವರು ಬರೆದ ಹಾಗೇ ಇಲ್ಲವಲ್ಲ" ಅನ್ನುತ್ತಾರೆ. ಎಲ್ಲಿ ಕೆಟ್ಟಿತು ಎಂದು ಕೇಳಿದರೆ ಬೊಟ್ಟು ಮಾಡಿ ತೋರಿಸಲು ಅವರಿಗೂ ಬರುವುದಿಲ್ಲ.

ತೋರಿಸಲು ಬಾರದಿರುವುದಕ್ಕೆ ಕಾರಣವಿದೆ. ಒಬ್ಬರ ದನಿ ಇರುವುದು ಅವರು ಬಳಸುವ ಚಂದದ ಮಾತುಗಳಲ್ಲಿ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಹೆಚ್ಚಾಗಿ ಇರುವುದು ಯಾರೂ ಗಮನಿಸದ ಸಣ್ಣಪುಟ್ಟ ಪದಗಳಲ್ಲಿ. ಇದಕ್ಕೆ ಅಮೆರಿಕದ ಒಂದು ಪ್ರಸಿದ್ಧ ನಿದರ್ಶನವಿದೆ. ಅಲ್ಲಿನ ಸಂವಿಧಾನವನ್ನು ಒಪ್ಪಿಕೊಳ್ಳಬೇಕೆಂದು ವಾದಿಸುವ 85 ಪ್ರಬಂಧಗಳು 1787-88ರಲ್ಲಿ ಪ್ರಕಟವಾದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಆದರೆ ಎಲ್ಲಕ್ಕೂ ಇದ್ದದ್ದು ಒಂದೇ ಗುಪ್ತನಾಮ. ಅವುಗಳಲ್ಲಿ 12 ಪ್ರಬಂಧಗಳು ಹ್ಯಾಮಿಲ್ಟನ್ ಅವರದೋ ಮ್ಯಾಡಿಸನ್ ಅವರದೋ ಎಂಬ ಜಗಳ ಬಹುಕಾಲ ನಡೆಯಿತು. ಫ್ರೆಡೆರಿಕ್ ಮಾಸ್ಟೆಲರ್ ಮತ್ತು ಡೇವಿಡ್ ವಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇಬ್ಬರ ಹಳೆಯ ಬರಹಗಳನ್ನೂ ಇಟ್ಟುಕೊಂಡು, ವಿಷಯಕ್ಕೆ ಸಂಬಂಧಿಸಿದ ಪದಗಳನ್ನು ಬದಿಗಿಟ್ಟು, ಬರಿಯ ಜೋಡಿಸುವ ಪದಗಳನ್ನು ಎಣಿಸಿದರು. 'ಅಪಾನ್' ಎಂಬ ಪದ ಹ್ಯಾಮಿಲ್ಟನ್ ಬರಹದಲ್ಲಿ ಸಾವಿರ ಪದಕ್ಕೆ ಸುಮಾರು ಮೂರು ಸಲ ಬರುತ್ತಿತ್ತು, ಮ್ಯಾಡಿಸನ್ ಬರಹದಲ್ಲಿ ಬಲು ಅಪರೂಪ. ಇಂಥ ಹಲವು ಪದಗಳ ಲೆಕ್ಕ ಸೇರಿಸಿದಾಗ ಆ 12 ಪ್ರಬಂಧಗಳು ಮ್ಯಾಡಿಸನ್ ಕಡೆಗೇ ವಾಲಿದವು. 1964ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರಕ್ಕೆ ಬುನಾದಿಯಾಯಿತು.

ತಿದ್ದುವವರಿಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ನಾವು ಲಂಗುಲಗಾಮಿಲ್ಲದೆ ಬದಲಿಸುವುದು ಇವೇ ಸಣ್ಣ ಪದಗಳನ್ನು. ಅಪರೂಪದ ಪದವೊಂದು ಕಂಡರೆ ಕೈ ತಡೆಯುತ್ತದೆ, ಲೇಖಕರನ್ನೊಮ್ಮೆ ಕೇಳೋಣ ಅನ್ನಿಸುತ್ತದೆ. 'ಅಂತ' ಇದ್ದಲ್ಲಿ 'ಎಂದು' ಹಾಕುವಾಗ ಯಾರನ್ನೂ ಕೇಳುವುದಿಲ್ಲ. ಕನ್ನಡದಲ್ಲಂತೂ ಈ ಗುರುತುಗಳು ಬಿಡಿಪದಗಳಾಗಿಯೂ ಇರುವುದಿಲ್ಲ, ಪದಗಳ ಬಾಲಕ್ಕೆ ಅಂಟಿಕೊಂಡಿರುತ್ತವೆ. ಒಬ್ಬರು 'ಅಕ್ಕಿಯೂ ಬೇಳೆಯೂ' ಅನ್ನುತ್ತಾರೆ, ಇನ್ನೊಬ್ಬರು 'ಅಕ್ಕಿ ಬೇಳೆ ಎಲ್ಲ' ಅಂದು ಮುಗಿಸುತ್ತಾರೆ. ಮಾತನಾಡುವಾಗ 'ಮತ್ತು' ಬಳಸುವವರೇ ಕಡಿಮೆ, ಆದರೆ ತಿದ್ದಿದ ಪ್ರತಿಯಲ್ಲಿ ಅದು ಸಾಲುಸಾಲಾಗಿ ಬಂದು ಕೂತಿರುತ್ತದೆ. ಮೂಲದಲ್ಲಿ ಒಂದೂ ಇಲ್ಲದ 'ಮತ್ತು' ಪ್ರತಿ ಪ್ಯಾರಾದಲ್ಲಿ ಎರಡೆರಡು ಕಂಡರೆ ಸಾಕು, ದನಿ ಬದಲಾಗಿದೆ ಎಂದು ಮುಂದಕ್ಕೆ ಓದದೆಯೇ ಹೇಳಬಹುದು.

ಹಾಗಾಗಿ ಹೊಸ ಬರಹಕ್ಕೆ ಕೈ ಹಾಕುವ ಮೊದಲು ಹಳೆಯದನ್ನು ಓದಬೇಕು. ಎಲ್ಲವನ್ನೂ ಅಲ್ಲ. ತಿದ್ದಬೇಕಾದದ್ದು ಅಡುಗೆಯ ಬರಹವಾದರೆ ಅವರ ಅಡುಗೆಯ ಬರಹಗಳನ್ನೇ ಓದಬೇಕು. ಅದೇ ವ್ಯಕ್ತಿ ತೀರಿಹೋದ ಗುರುಗಳ ಬಗ್ಗೆ ಬರೆದದ್ದರಲ್ಲಿ ದನಿ ಬೇರೆ ಇರುತ್ತದೆ. ಹಬ್ಬದ ಶುಭಾಶಯ, ಜಾಹೀರಾತಿಗಾಗಿ ಬರೆದದ್ದು, ಬೇರೆಯವರು ಈಗಾಗಲೇ ತಿದ್ದಿದ್ದು ಇವೆಲ್ಲ ಲೆಕ್ಕಕ್ಕಿಲ್ಲ. ಇಪ್ಪತ್ತು, ಇಪ್ಪತ್ತೈದು ಬರಹ ಸಿಕ್ಕರೆ ಕೆಲಸ ನಡೆಯುತ್ತದೆ. ಅವನ್ನು ಮುದ್ರಿಸಿಕೊಂಡು ಗಟ್ಟಿಯಾಗಿ ಓದುತ್ತಾ, ಮತ್ತೆ ಮತ್ತೆ ಕಾಣುವುದಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋಗಬೇಕು. ಕೊನೆಗೆ ಒಂದೇ ಪುಟದ ಟಿಪ್ಪಣಿ ಸಿದ್ಧವಾಗಬೇಕು. ಎರಡು ಪುಟವಾದರೆ ತಿದ್ದುವಾಗ ಯಾರೂ ಅದನ್ನು ನೋಡುವುದಿಲ್ಲ.

ಕೆಲಸ ಹೇಗೆ ನಡೆಯುತ್ತದೆಂದು ಕಾಣಲು ಒಂದು ಮಾದರಿ ಕಟ್ಟಿಕೊಳ್ಳೋಣ. ಪುತ್ತೂರಿನ ಕಡೆಯ ಒಬ್ಬ ಗೃಹಿಣಿ ಪತ್ರೊಡೆಯ ಬಗ್ಗೆ ಹೀಗೆ ಬರೆದು ಕಳಿಸಿದ್ದಾರೆ ಅಂದುಕೊಳ್ಳಿ:

"ಮಳೆ ಬಂತಲ್ಲ ಇನ್ನು ಪತ್ರೊಡೆ, ಕೆಸುವಿನ ಎಲೆ ಎಳೆಯದೇ ಬೇಕು, ಬೆಳ್ತಿಗೆ ಅಕ್ಕಿ ನೆನೆಹಾಕಿ ಕೊತ್ತಂಬರಿ ಮೆಣಸು ಹುಳಿ ಬೆಲ್ಲ ಎಲ್ಲ ಹಾಕಿ ಕಡೀಲಿಕ್ಕೆ, ಹುಳಿ ಕಮ್ಮಿ ಮಾಡ್ಲಿಕ್ಕಿಲ್ಲ ಮತ್ತೆ ಗಂಟಲು ತುರಿಸಿದ್ರೆ ನನ್ನನ್ನು ಬೈಬೇಡಿ ಮಾರಾಯ್ರೆ, ಎಲೆಗೆ ಹಚ್ಚಿ ಸುತ್ತಿ ಬೇಯಿಸಿ, ನಾಳೆ ಬೆಳಿಗ್ಗೆ ಕೂಡ ತಿನ್ಲಿಕ್ಕಾಗ್ತದೆ ನಾಳೆ ಇನ್ನೂ ರುಚಿ ವಿಷೇಶ."

ಇದು ಹೀಗೇ ಅಚ್ಚಿಗೆ ಹೋಗಲಾರದು. ಅಕ್ಕಿ ಎಷ್ಟು, ನೆನೆಯಬೇಕಾದದ್ದು ಎಷ್ಟು ಹೊತ್ತು, ಬೇಯಬೇಕಾದದ್ದು ಎಷ್ಟು ಹೊತ್ತು ಒಂದೂ ಇಲ್ಲ. ವಾಕ್ಯಕ್ಕೆ ಕೊನೆಯೇ ಇಲ್ಲ. ಅವಸರದ ಸಂಪಾದಕರ ಕೈಯಲ್ಲಿ ಇದು ಹೀಗಾಗುತ್ತದೆ: "ಮಳೆಗಾಲ ಆರಂಭವಾಗಿದ್ದು, ಪತ್ರೊಡೆ ತಯಾರಿಸಲು ಇದು ಸೂಕ್ತ ಸಮಯವಾಗಿದೆ. ಹುಣಸೆಹಣ್ಣಿನ ಪ್ರಮಾಣವನ್ನು ಕಡಿಮೆ ಮಾಡಬಾರದು, ಇಲ್ಲವಾದಲ್ಲಿ ಗಂಟಲಿನಲ್ಲಿ ತುರಿಕೆ ಉಂಟಾಗುವ ಸಾಧ್ಯತೆ ಇರುತ್ತದೆ." ವ್ಯಾಕರಣದ ಒಂದು ತಪ್ಪೂ ಇಲ್ಲ. ಬರೆದ ಹೆಂಗಸೂ ಇಲ್ಲ. ಅವರು ಅಡುಗೆಮನೆಯಲ್ಲಿ ನಿಂತು ಎದುರಿದ್ದವರಿಗೆ ಹೇಳುತ್ತಿದ್ದರು, ಈಗ ಇಲಾಖೆಯ ಪ್ರಕಟಣೆಯೊಂದು ಮಾತನಾಡುತ್ತಿದೆ.

ಅವರ ಹಳೆಯ ಬರಹಗಳ ಟಿಪ್ಪಣಿ ಎದುರಿಗಿದ್ದರೆ ಕತೆ ಬೇರೆಯಾಗುತ್ತದೆ. ಅವರು ಶುರು ಮಾಡುವುದು ಯಾವಾಗಲೂ ಹವೆಯಿಂದಲೋ ತೋಟದಿಂದಲೋ, 'ಬಂತಲ್ಲ', 'ಆಯ್ತಲ್ಲ' ಅಂತ. ಕೆಲಸದ ಹೆಜ್ಜೆಗಳನ್ನು 'ಕಡೀಲಿಕ್ಕೆ', 'ಹಚ್ಚಲಿಕ್ಕೆ' ಎಂದು ಕ್ರಿಯಾಪದ ಪೂರ್ತಿ ಮಾಡದೆ ಬಿಡುತ್ತಾರೆ. 'ಮಾರಾಯ್ರೆ' ಬರುವುದು ಬರಹಕ್ಕೆ ಒಂದೇ ಸಲ, ಅದೂ ಎಚ್ಚರಿಕೆ ಕೊಟ್ಟ ಕೂಡಲೇ. ಕೊನೆಯ ವಾಕ್ಯ ಮೂರೋ ನಾಲ್ಕೋ ಪದದ್ದು. ಅಳತೆ ಹೇಳುವುದು ಕುಡ್ತೆಯಲ್ಲಿ. 'ರುಚಿಕರ', 'ಸ್ವಾದಿಷ್ಟ' ಎಂಬ ಪದಗಳನ್ನು ಎಲ್ಲೂ ಬಳಸಿಲ್ಲ. ಬರೆಯದೇ ಇರುವುದನ್ನೂ ಟಿಪ್ಪಣಿಯಲ್ಲಿ ಹೀಗೆ ದಾಖಲಿಸುವುದು ನನ್ನ ಮಟ್ಟಿಗೆ ಬಹಳ ಮುಖ್ಯ, ಏಕೆಂದರೆ ತಿದ್ದುವವರು ತಮಗೇ ತಿಳಿಯದಂತೆ ಸೇರಿಸುವುದು ಇಂಥವನ್ನೇ.

ಈ ಕರಡಿನಲ್ಲಿ ಹೊರಗಿನವರು ಎಡವುವ ಜಾಗವೂ ಒಂದಿದೆ. 'ಮಾಡ್ಲಿಕ್ಕಿಲ್ಲ' ಅಂದರೆ ಮೈಸೂರಿನವರಿಗೆ 'ಬಹುಶಃ ಮಾಡುವುದಿಲ್ಲ' ಅನ್ನಿಸುತ್ತದೆ. ದಕ್ಷಿಣ ಕನ್ನಡದಲ್ಲಿ ಅದಕ್ಕೆ 'ಮಾಡಬಾರದು' ಎಂಬ ಅರ್ಥವೂ ಇದೆ. 'ಮತ್ತೆ' ಎಂಬುದೂ ಇಲ್ಲಿ 'ಆಮೇಲೆ' ಎಂಬರ್ಥದ್ದು, ಅದನ್ನು 'ಮತ್ತು' ಮಾಡಿದರೆ ವಾಕ್ಯವೇ ಮುರಿಯುತ್ತದೆ. ಹಳೆಯ ಬರಹಗಳಲ್ಲಿ ಇವೆರಡೂ ಹತ್ತು ಕಡೆ ಇದೇ ಅರ್ಥದಲ್ಲಿ ಕಂಡಿದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಹುಳಿಯ ಮಾತನ್ನು ಮೆತ್ತಗೆ ಮಾಡುವಂತೆಯೂ ಇಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಹುಳಿ ಕಡಿಮೆಯಾದರೆ ತಿಂದವರ ಗಂಟಲು ನಿಜವಾಗಿಯೂ ತುರಿಸುತ್ತದೆ.

ಹಾಗಾದರೆ ಯಾವುದು ವೈಖರಿ, ಯಾವುದು ತಪ್ಪು? ಹಳೆಯ ಬರಹಗಳೇ ಹೇಳುತ್ತವೆ. 'ವಿಷೇಶ' ಎಂದು ಇಲ್ಲಿದೆ, ಬೇರೆ ಬರಹಗಳಲ್ಲಿ 'ವಿಶೇಷ' ಎಂದೇ ಇದೆ. ಒಮ್ಮೆ ಹಾಗೆ, ಒಮ್ಮೆ ಹೀಗೆ ಬಂದರೆ ಅದು ಕೈತಪ್ಪು, ತಿದ್ದಬೇಕು. 'ತಿನ್ಲಿಕ್ಕಾಗ್ತದೆ' ಎಂಬುದು ಎಲ್ಲ ಕಡೆಯೂ ಒಂದೇ ಬಗೆಯಲ್ಲಿದೆ, ಮುಟ್ಟಬಾರದು. ಕಾಗುಣಿತದ ತಪ್ಪು ಎಲ್ಲ ಕಡೆ ಒಂದೇ ಥರ ಇದ್ದರೂ ತಿದ್ದುವುದೇ ಸರಿ, ಏಕೆಂದರೆ ಅದು ಕಿವಿಗೆ ಕೇಳುವಂಥದ್ದಲ್ಲ. ಕಿವಿಗೆ ಕೇಳುವುದನ್ನು ಉಳಿಸಿ, ಕಣ್ಣಿಗಷ್ಟೇ ಕಾಣುವುದನ್ನು ತಿದ್ದಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ಈ ನಿಯಮದಿಂದ ಮುಕ್ಕಾಲುಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಕಾಣೆಯಾಗಿರುವ ಅಳತೆಗಳನ್ನು ಫೋನಿನಲ್ಲಿ ಕೇಳಬೇಕು, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಆಮೇಲೆ ಪ್ರತಿ ಹೀಗಾಗುತ್ತದೆ:

"ಮಳೆ ಬಂತಲ್ಲ, ಇನ್ನು ಪತ್ರೊಡೆ. ಕೆಸುವಿನ ಎಲೆ ಎಳೆಯದೇ ಬೇಕು. ಎರಡು ಕುಡ್ತೆ ಬೆಳ್ತಿಗೆ ಅಕ್ಕಿ ತೊಳೆದು ಮೂರು ಗಂಟೆ ನೆನೆಹಾಕಿ. ಕೊತ್ತಂಬರಿ, ಮೆಣಸು, ಹುಳಿ, ಬೆಲ್ಲ, ಉಪ್ಪು ಎಲ್ಲ ಹಾಕಿ ಅಕ್ಕಿಯೊಟ್ಟಿಗೆ ಕಡೀಲಿಕ್ಕೆ. ನೀರು ಹೆಚ್ಚು ಹಾಕ್ಲಿಕ್ಕಿಲ್ಲ, ಹಿಟ್ಟು ಎಲೆಗೆ ಅಂಟಿ ನಿಲ್ಬೇಕು. ಹುಳಿ ಕಮ್ಮಿ ಮಾಡ್ಲಿಕ್ಕಿಲ್ಲ. ಮತ್ತೆ ಗಂಟಲು ತುರಿಸಿದ್ರೆ ನನ್ನನ್ನು ಬೈಬೇಡಿ ಮಾರಾಯ್ರೆ. ಎಲೆಯ ಹಿಂಬದಿಗೆ ಹಚ್ಚಿ, ಒಂದರ ಮೇಲೊಂದು ಐದಾರು ಎಲೆ ಇಟ್ಟು ಸುತ್ತಿ, ಒಂದು ಗಂಟೆ ಹಬೆಯಲ್ಲಿ ಬೇಯಿಸಿ. ನಾಳೆ ಬೆಳಿಗ್ಗೆ ಕೂಡ ತಿನ್ಲಿಕ್ಕಾಗ್ತದೆ. ನಾಳೆ ಇನ್ನೂ ರುಚಿ."

ಬದಲಾವಣೆ ಕಡಿಮೆಯೇನಲ್ಲ. ಅಳತೆ ಬಂದಿದೆ, ಹೊತ್ತು ಬಂದಿದೆ, ಒಂದು ವಾಕ್ಯ ಹತ್ತಾಗಿದೆ. ಕೊನೆಯಲ್ಲಿದ್ದ 'ವಿಶೇಷ' ಬಿಟ್ಟುಹೋಗಿದೆ, ಅವರ ಮುಕ್ತಾಯಗಳು ಚಿಕ್ಕವು ಎಂದು ಟಿಪ್ಪಣಿ ಹೇಳುತ್ತದಲ್ಲ. ಹೊಸದಾಗಿ ಸೇರಿಸಿದ 'ಹಾಕ್ಲಿಕ್ಕಿಲ್ಲ' ಅವರದೇ ಅಚ್ಚಿನದು.

ಇದಕ್ಕೆ ಎದುರಾದ ಅಪಾಯವೂ ಇದೆ, ಟಿಪ್ಪಣಿಯನ್ನು ಪ್ರೀತಿಯಿಂದ ಮಾಡಿದವರೇ ಅದಕ್ಕೆ ಸಿಕ್ಕಿಬೀಳುತ್ತಾರೆ. 'ಮಾರಾಯ್ರೆ' ಅವರ ಗುರುತು ಎಂದು ಗೊತ್ತಾದ ಮೇಲೆ ಅದನ್ನು ಪ್ಯಾರಾಕ್ಕೊಂದು ಹಾಕುವ ಆಸೆ ಹುಟ್ಟುತ್ತದೆ. ಆಗ ಬರಹ ಮಿಮಿಕ್ರಿಯಾಗುತ್ತದೆ. ಅದಕ್ಕೇ ಟಿಪ್ಪಣಿಯಲ್ಲಿ ಪದದ ಜೊತೆಗೆ ಅದು ಎಷ್ಟು ಸಲ ಬರುತ್ತದೆ, ಯಾವ ಜಾಗದಲ್ಲಿ ಬರುತ್ತದೆ ಎಂಬುದನ್ನೂ ಬರೆದಿರಬೇಕು. ಮಾಸ್ಟೆಲರ್ ಮತ್ತು ವಾಲೇಸ್‌ಗೆ ಸುಳಿವು ಸಿಕ್ಕಿದ್ದೂ 'ಅಪಾನ್' ಇದೆಯೋ ಇಲ್ಲವೋ ಎಂಬುದರಿಂದಲ್ಲ, ಅದು ಎಷ್ಟು ಇದೆ ಎಂಬುದರಿಂದ.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಬರೆದವರಿಂದಲೇ ತಿದ್ದಿದ ಪ್ರತಿಯನ್ನು ಗಟ್ಟಿಯಾಗಿ ಓದಿಸಬೇಕು. ಒಪ್ಪಿಗೆಯೇ ಎಂದು ಕೇಳಿದರೆ ಬಹುಪಾಲು ಜನ ಸಂಕೋಚಕ್ಕೆ ಹೂಂ ಅನ್ನುತ್ತಾರೆ, ತಮ್ಮದು ತಪ್ಪು ಕನ್ನಡ ಎಂಬ ಅಳುಕೂ ಹಲವರಲ್ಲಿದೆ. ನಾಲಿಗೆ ಸಂಕೋಚಪಡುವುದಿಲ್ಲ. ಅವರು ಎಲ್ಲಿ ತಡವರಿಸಿದರೋ, ಎಲ್ಲಿ ಅಚ್ಚಾದ ಪದ ಬಿಟ್ಟು ತಮ್ಮದನ್ನೇ ಓದಿದರೋ ಅಲ್ಲಿ ಗುರುತು ಹಾಕಿಕೊಂಡು ಮೂಲಕ್ಕೆ ಮರಳಬೇಕು.

ಬರೆದವರು ಇಲ್ಲದಾಗ ಈ ಪರೀಕ್ಷೆಗೆ ಅವಕಾಶವಿಲ್ಲ. ಕವಿ ಎಮಿಲಿ ಡಿಕಿನ್ಸನ್ ತೀರಿಕೊಂಡದ್ದು 1886ರಲ್ಲಿ. 1890ರಲ್ಲಿ ಅವರ ಮೊದಲ ಸಂಕಲನ ತಂದವರು ಹಿತೈಷಿಗಳೇ, ಆದರೂ ಕವಿತೆಗಳ ಅಡ್ಡಗೆರೆಗಳನ್ನು ತೆಗೆದು, ಕೆಲವು ಪದಗಳನ್ನೂ ಪ್ರಾಸಗಳನ್ನೂ ಬದಲಿಸಿದರು. ಆ ಅಡ್ಡಗೆರೆಗಳು ಅವರ ಉಸಿರಾಟದ ಜಾಗಗಳು ಎಂದು ಓದುಗರಿಗೆ ಕಾಣುವಂತಾಗಲು 1955ರಲ್ಲಿ ಥಾಮಸ್ ಜಾನ್ಸನ್ ಹಸ್ತಪ್ರತಿಗಳನ್ನು ಹಿಡಿದು ಕೂರಬೇಕಾಯಿತು. ಹಸ್ತಪ್ರತಿ ಉಳಿದದ್ದರಿಂದ ಅದು ಸಾಧ್ಯವಾಯಿತು. ಫೋನಿನಲ್ಲಿ ಬಂದ ಕರಡನ್ನು ತಿದ್ದಿದ ಮೇಲೆ ಮೂಲವನ್ನು ಅಳಿಸಿಬಿಡುವ ರೂಢಿ ನಮ್ಮಲ್ಲಿ ಅನೇಕರಿಗಿದೆ, ಅದನ್ನು ಬಿಡಲೇಬೇಕು.

ಟಿಪ್ಪಣಿಗೆ ಆಯಸ್ಸೂ ಇದೆ. ಐದು ವರ್ಷ ಬರೆದವರ ಮಾತು ಮೊದಲಿನಂತೆಯೇ ಇರುವುದಿಲ್ಲ. ಪುತ್ತೂರಿನ ಆ ಗೃಹಿಣಿ ಊರೂರಿನ ಓದುಗರಿಗಾಗಿ ಕುಡ್ತೆ ಬಿಟ್ಟು ಲೋಟದಲ್ಲಿ ಅಳತೆ ಹೇಳತೊಡಗಬಹುದು. ಆಗ ಹಳೆಯ ಟಿಪ್ಪಣಿ ತೋರಿಸಿ ಕುಡ್ತೆಯೇ ಇರಲಿ ಎಂದು ಹಟ ಹಿಡಿಯುವ ಹಕ್ಕು ಸಂಪಾದಕರಿಗಿಲ್ಲ. ಪುಟದ ತಲೆಯಲ್ಲಿ ದಿನಾಂಕ ಹಾಕಿಟ್ಟು, ವರ್ಷಕ್ಕೊಮ್ಮೆ ಅವರ ಹೊಸ ಬರಹಗಳನ್ನು ಓದಿ, ಹೋದದ್ದನ್ನು ಹೊಡೆದುಹಾಕಿ ಬಂದದ್ದನ್ನು ಸೇರಿಸುತ್ತಿರಬೇಕು.